ತಿರುಗುವ ಚಕ್ರ ಸಿಡಿಯುವುದು ಅಂಚಿನಿಂದಲೋ, ನಡುವಿನಿಂದಲೋ?

ಗ್ರೈಂಡರ್ ಚಕ್ರ ಸಿಡಿದು ಚೂರಾಗುವ ವಿಡಿಯೊಗಳು ಆಗಾಗ ನಮ್ಮ ಮೊಬೈಲುಗಳಿಗೆ ಬರುತ್ತಲೇ ಇರುತ್ತವೆ. ಅವುಗಳ ಜೊತೆ ಬರುವ ವಿವರಣೆಯೂ ಹೆಚ್ಚು ಕಡಿಮೆ ಒಂದೇ: "ಅಂಚು ಅತಿ ವೇಗವಾಗಿ ತಿರುಗುತ್ತದೆ, ಹಾಗಾಗಿ ಅಂಚೇ ಮೊದಲು ಒಡೆಯುತ್ತದೆ. ನಡುವಿನ ಭಾಗ ನಿಂತಲ್ಲೇ ಇರುತ್ತದೆ, ಅಲ್ಲಿ ಯಾವ ಒತ್ತಡವೂ ಇಲ್ಲ." ಕೇಳಲು ಸರಿ ಅನ್ನಿಸುತ್ತದೆ. ಆದರೆ ಇದರಲ್ಲಿ ಅರ್ಧ ಮಾತ್ರ ನಿಜ. ಅಂಚಿನ ವೇಗ ಅತಿ ಹೆಚ್ಚು ಎಂಬುದು ಸರಿ. ಆದರೆ ಲೋಹವನ್ನು ಹರಿದುಹಾಕಲು ನೋಡುವ ಎಳೆತ ಅತಿ ಹೆಚ್ಚಾಗಿರುವುದು ನಿಂತಲ್ಲೇ ಇರುವ ನಡುವಿನಲ್ಲಿ.

ಹೇಗೆಂದು ತಿಳಿಯಲು ಮಕ್ಕಳ ಆಟವೊಂದನ್ನು ನೆನಪಿಸಿಕೊಳ್ಳಿ. ಐದಾರು ಮಕ್ಕಳು ಸಾಲಾಗಿ ಕೈ ಹಿಡಿದುಕೊಂಡು, ಒಂದು ತುದಿಯ ಹುಡುಗನನ್ನು ಕಂಬದಂತೆ ನಿಲ್ಲಿಸಿ, ಉಳಿದವರು ಅವನ ಸುತ್ತ ಓಡುತ್ತಾರೆ. ಹೊರತುದಿಯವನು ಎಲ್ಲರಿಗಿಂತ ಜೋರಾಗಿ ಓಡಬೇಕು, ಆದರೆ ಅವನ ಕೈಯನ್ನು ಎಳೆಯುವ ಭಾರ ಅವನೊಬ್ಬನದೇ. ಒಳಗೆ ಬಂದಂತೆ ಪ್ರತಿಯೊಬ್ಬನ ತೋಳು ತನ್ನಿಂದ ಹೊರಗಿರುವ ಎಲ್ಲರನ್ನೂ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಓಡದೆ ನಿಂತ ಹುಡುಗನ ತೋಳಿಗೇ ಎಲ್ಲರಿಗಿಂತ ಹೆಚ್ಚು ನೋವು.

ಗಟ್ಟಿ ಚಕ್ರದಲ್ಲೂ ಇದೇ ನಡೆಯುತ್ತದೆ. ಚಕ್ರವನ್ನು ವ್ಯಾಸದ ಉದ್ದಕ್ಕೂ ಎರಡು ಹೋಳು ಮಾಡಿದಂತೆ ಮನಸ್ಸಿನಲ್ಲೇ ಊಹಿಸಿಕೊಳ್ಳಿ. ತಿರುಗುವಾಗ ಎರಡೂ ಹೋಳುಗಳು ಎದುರುಬದುರು ದಿಕ್ಕಿಗೆ ಹಾರಿಹೋಗಲು ನೋಡುತ್ತವೆ. ಅವನ್ನು ಸೇರಿಸಿ ಹಿಡಿದಿರುವುದು ಆ ವ್ಯಾಸದ ಮೇಲಿನ ಲೋಹ ಮಾತ್ರ. ಆ ಗೆರೆಯ ಮೇಲೆ ಎಳೆತ ಸಮವಾಗಿ ಹಂಚಿಕೆಯಾಗುವುದಿಲ್ಲ, ನಡುವಿನಲ್ಲಿ ಹೆಚ್ಚು, ಅಂಚಿನ ಕಡೆ ಕಡಿಮೆ. ಉಕ್ಕಿನ ಚಕ್ರದಲ್ಲಿ ಅಂಚಿನ ಎಳೆತ ನಡುವಿನ ಎಳೆತದ ಶೇಕಡಾ 42ರಷ್ಟೇ ಇರುತ್ತದೆ. ಅದೂ ಸುತ್ತಳತೆಯ ಗುಂಟ ಇರುವ ಎಳೆತ. ಕೇಂದ್ರದಿಂದ ಹೊರಕ್ಕೆ ಎಳೆಯುವ ಎಳೆತ ಅಂಚಿನಲ್ಲಿ ಸೊನ್ನೆ, ಏಕೆಂದರೆ ಅದರಾಚೆ ಎಳೆಯಲು ಏನೂ ಇಲ್ಲ. ನಡುವಿನಲ್ಲಿ ಮಾತ್ರ ಎಲ್ಲಾ ದಿಕ್ಕಿಗೂ ಒಂದೇ ಸಮನಾದ, ಪೂರ್ತಿ ಎಳೆತ.

ಎಷ್ಟು ವೇಗ ಸುರಕ್ಷಿತ?

ಒಂದೇ ದಪ್ಪದ, ತೂತಿಲ್ಲದ, ತೆಳು ಚಕ್ರದ ನಡುವಿನ ಎಳೆತಕ್ಕೆ ಎಂಜಿನಿಯರುಗಳು ಬಳಸುವ ಸೂತ್ರ ಚಿಕ್ಕದು:

```
σ = (3 + ν) × ρ × v² ÷ 8
```

ಇಲ್ಲಿ σ ಎಂದರೆ ಎಳೆತ, ρ ಎಂದರೆ ಲೋಹದ ಸಾಂದ್ರತೆ, v ಎಂದರೆ ಅಂಚಿನ ವೇಗ. ν ಎಂಬುದು ಲೋಹವನ್ನು ಒಂದು ಕಡೆ ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಎಂದು ಹೇಳುವ ಸಂಖ್ಯೆ. ಉಕ್ಕಿಗೆ ಅದು ಸುಮಾರು 0.3.

ಸೂತ್ರದಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ಚಕ್ರದ ದಪ್ಪ ಇಲ್ಲ. "ದಪ್ಪ ಚಕ್ರ ಹಾಕಿದರೆ ಭಯವಿಲ್ಲ" ಎನ್ನುವವರು ಇಲ್ಲಿ ಸೋಲುತ್ತಾರೆ. ದಪ್ಪ ಹೆಚ್ಚಿಸಿದರೆ ಹಿಡಿದಿಡುವ ಲೋಹ ಹೆಚ್ಚುತ್ತದೆ, ಹಾರಿಹೋಗಲು ನೋಡುವ ಲೋಹವೂ ಅಷ್ಟೇ ಹೆಚ್ಚುತ್ತದೆ, ಲೆಕ್ಕ ಅಲ್ಲಿಗೆ ಸಮ. ಚಕ್ರದ ಅಳತೆಯೂ ಬೇರೆಯಾಗಿ ಬರುವುದಿಲ್ಲ, ಅಂಚಿನ ವೇಗದೊಳಗೆ ಅಡಗಿದೆ. ಅದಕ್ಕೇ ಈ ಲೆಕ್ಕವನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂದು ಹೇಳದೆ, ಅಂಚು ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೆ ಎಂದು ಹೇಳುವುದು.

ಈಗ ಒಂದು ಲೆಕ್ಕ ಮಾಡಿ ನೋಡೋಣ. 300 ಮಿಲಿಮೀಟರ್ ವ್ಯಾಸದ, 20 ಮಿಲಿಮೀಟರ್ ದಪ್ಪದ ಸಾಧಾರಣ ಉಕ್ಕಿನ ಚಕ್ರ ತೆಗೆದುಕೊಳ್ಳೋಣ. ಸಾಂದ್ರತೆ ಘನ ಮೀಟರಿಗೆ 7,850 ಕೆ.ಜಿ. ಅದರ ಯೀಲ್ಡ್ ಸ್ಟ್ರೆಂಗ್ತ್ 250 ಮೆಗಾಪಾಸ್ಕಲ್. ಯೀಲ್ಡ್ ಸ್ಟ್ರೆಂಗ್ತ್ ಎಂದರೆ, ಎಳೆದು ಬಿಟ್ಟ ಮೇಲೂ ಲೋಹ ಮೊದಲಿನ ಅಳತೆಗೆ ವಾಪಸ್ ಬಾರದೆ ಹಿಗ್ಗಿಯೇ ಉಳಿಯಲು ಶುರುವಾಗುವ ಮಟ್ಟ. 250 ಎಂದರೆ ಒಂದು ಚದರ ಮಿಲಿಮೀಟರ್ ದಪ್ಪದ ತಂತಿಗೆ 25 ಕೆ.ಜಿ. ಅಕ್ಕಿ ಮೂಟೆ ತೂಗುಹಾಕಿದಂತೆ.

(3 + 0.3) ÷ 8 ಎಂದರೆ 0.4125. ಅದನ್ನು 7,850ರಿಂದ ಗುಣಿಸಿದರೆ ಸುಮಾರು 3,238. 250 ಮೆಗಾಪಾಸ್ಕಲ್, ಅಂದರೆ 25 ಕೋಟಿ ಪಾಸ್ಕಲನ್ನು ಇದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 278 ಮೀಟರ್ ಬರುತ್ತದೆ. ನಮ್ಮ ಚಕ್ರಕ್ಕೆ ಇದು ನಿಮಿಷಕ್ಕೆ ಸುಮಾರು 17,700 ಸುತ್ತು. ಈ ವೇಗದಲ್ಲಿ ನಡುವಿನ ಲೋಹ ಹಿಗ್ಗಲು ಶುರುವಾಗುತ್ತದೆ.

ಯಾರೂ ಈ ಗೆರೆಯ ತನಕ ಓಡಿಸುವುದಿಲ್ಲ. ಎಳೆತವನ್ನು ಯೀಲ್ಡ್‌ನ ಅರ್ಧಕ್ಕೆ ನಿಲ್ಲಿಸೋಣ ಎಂದುಕೊಂಡರೆ ವೇಗವನ್ನು ಅರ್ಧ ಮಾಡಬೇಕಿಲ್ಲ, 1.41ರಿಂದ ಭಾಗಿಸಿದರೆ ಸಾಕು. ಸೆಕೆಂಡಿಗೆ 196 ಮೀಟರ್, ನಿಮಿಷಕ್ಕೆ ಸುಮಾರು 12,500 ಸುತ್ತು. ಇದನ್ನೇ ತಿರುಗಿಸಿ ಓದಿದರೆ ಅಪಾಯ ಕಾಣುತ್ತದೆ: ಕಾಗದದ ಮೇಲೆ ಎರಡು ಪಟ್ಟು ಸುರಕ್ಷಿತ ಎಂದು ಬರೆದ ಚಕ್ರ, ವೇಗ ಶೇಕಡಾ 41ರಷ್ಟು ಏರಿದರೆ ಸಾಕು, ಯೀಲ್ಡ್ ಮುಟ್ಟಿರುತ್ತದೆ. ಈ 12,500 ಸುತ್ತಿನಲ್ಲಿ ತಿರುಗುವ, 11 ಕೆ.ಜಿ. ತೂಕದ ಆ ಚಕ್ರದಲ್ಲಿರುವ ಶಕ್ತಿ, ಗಂಟೆಗೆ 50 ಕಿಲೋಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಹೋಗುವ ಒಂದು ಟನ್ ತೂಕದ ಕಾರಿನಲ್ಲಿರುವಷ್ಟು.

ಯೀಲ್ಡ್ ಮುಟ್ಟಿದ ತಕ್ಷಣ ಚಕ್ರ ಸಿಡಿಯುತ್ತದೆಯೇ? ಸಾಧಾರಣ ಉಕ್ಕಿನಂತೆ ಬಾಗುವ, ಹಿಗ್ಗುವ ಗುಣವಿರುವ ಲೋಹವಾದರೆ ಇಲ್ಲ. ನಡುವಿನ ಭಾಗ ತುಸು ಹಿಗ್ಗಿ, ತನ್ನ ಹೊರೆಯನ್ನು ಪಕ್ಕದ ಲೋಹಕ್ಕೆ ದಾಟಿಸುತ್ತದೆ. ಹೀಗೆ ದಾಟಿಸುತ್ತಾ ಇಡೀ ಚಕ್ರವೇ ಯೀಲ್ಡ್ ಆಗುವುದು ಸೆಕೆಂಡಿಗೆ ಸುಮಾರು 309 ಮೀಟರಿನಲ್ಲಿ. 278ಕ್ಕೂ 309ಕ್ಕೂ ನಡುವಿನ ಅಂತರ ಶೇಕಡಾ 11 ಮಾತ್ರ, ನೆಚ್ಚಿ ಕೂರುವಷ್ಟು ದೊಡ್ಡದಲ್ಲ. ಎರಕದ ಕಬ್ಬಿಣ, ಸಾಣೆ ಕಲ್ಲಿನಂಥ ಹಿಗ್ಗದೆ ಮುರಿಯುವ ವಸ್ತುಗಳಿಗೆ ಅಷ್ಟೂ ಅವಕಾಶವಿಲ್ಲ.

ಸೂಜಿಯಷ್ಟು ತೂತು ಸಾಕು

ಇಷ್ಟು ಹೊತ್ತು ಹೇಳಿದ್ದು ತೂತಿಲ್ಲದ ಚಕ್ರದ ಮಾತು. ಆದರೆ ಚಕ್ರವನ್ನು ಶಾಫ್ಟಿಗೆ ಕೂರಿಸಲು ನಾವು ಸಾಮಾನ್ಯವಾಗಿ ನಡುವೆಯೇ ತೂತು ಕೊರೆಯುತ್ತೇವೆ. ಎಳೆತ ಅತಿ ಹೆಚ್ಚಿರುವ ಜಾಗದಲ್ಲೇ! ಆಗ ಏನಾಗುತ್ತದೆ ಎಂಬುದು ಈ ವಿಷಯದಲ್ಲೇ ನಮಗೆ ಅತ್ಯಂತ ಅಚ್ಚರಿಯ ಸಂಗತಿ. ತೂತು ಎಷ್ಟೇ ಸಣ್ಣದಿರಲಿ, ಅದರ ಅಂಚಿನಲ್ಲಿ ಎಳೆತ ಒಮ್ಮೆಗೇ ಎರಡು ಪಟ್ಟಾಗುತ್ತದೆ. ಅಲ್ಲಿದ್ದ ಲೋಹ ಎಲ್ಲಾ ದಿಕ್ಕಿನಿಂದ ಬರುತ್ತಿದ್ದ ಎಳೆತವನ್ನು ಹೊತ್ತಿತ್ತು. ಅದು ಹೋದ ಮೇಲೆ ಎಳೆತ ತೂತನ್ನು ಬಳಸಿ ಹೋಗಬೇಕು, ಹಾಗಾಗಿ ಅಂಚಿನ ಲೋಹದ ಮೇಲೆ ಒತ್ತೊತ್ತಾಗಿ ಬೀಳುತ್ತದೆ. ತೂತು ದೊಡ್ಡದಾದಂತೆ ಎರಡು ಪಟ್ಟಿಗಿಂತಲೂ ಇನ್ನಷ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ನಮ್ಮ ಚಕ್ರಕ್ಕೆ ತೂತು ಕೊರೆದರೆ, ಸುರಕ್ಷಿತ ಎಂದುಕೊಂಡ ಆ 196 ಮೀಟರ್ ವೇಗದಲ್ಲೇ ತೂತಿನ ಅಂಚು ಯೀಲ್ಡ್ ತಲುಪುತ್ತದೆ. ಉಳಿಸಿಟ್ಟ ಎರಡು ಪಟ್ಟು ಅಂತರವನ್ನೆಲ್ಲ ಒಂದು ಡ್ರಿಲ್ ತಿಂದುಹಾಕಿತು.

ಸ್ವೀಡನ್ನಿನ ಎಂಜಿನಿಯರ್ ಗುಸ್ತಾಫ್ ಡಿ ಲಾವಾಲ್ 19ನೇ ಶತಮಾನದ ಕೊನೆಯಲ್ಲಿ ಉಗಿ ಟರ್ಬೈನು ಕಟ್ಟುವಾಗ ಇದನ್ನು ಎದುರಿಸಿದರು. ಅವರ ಸಣ್ಣ ಟರ್ಬೈನುಗಳು ನಿಮಿಷಕ್ಕೆ 30,000 ಸುತ್ತು ಹಾಕುತ್ತಿದ್ದವು. ದೊಡ್ಡ ಚಕ್ರಗಳಿಗೆ ಅವರು ತೂತನ್ನೇ ಇಡಲಿಲ್ಲ, ಶಾಫ್ಟನ್ನು ಎರಡು ತುಂಡಾಗಿ ಮಾಡಿ ಚಕ್ರದ ಎರಡು ಬದಿಗೆ ಜೋಡಿಸಿದರು. ಚಕ್ರವನ್ನು ನಡುವಿನಲ್ಲಿ ದಪ್ಪ, ಅಂಚಿನ ಕಡೆ ತೆಳು ಮಾಡಿದರು. (ಎಲ್ಲ ಕಡೆ ದಪ್ಪ ಮಾಡಿದರೆ ಪ್ರಯೋಜನವಿಲ್ಲ, ನಡುವಿನಲ್ಲಿ ಮಾತ್ರ ದಪ್ಪ ಮಾಡಿದರೆ ಇದೆ.) ಇನ್ನೂ ಒಂದು ಜಾಣತನ: ಅಂಚಿನ ಪಟ್ಟಿಯ ಸ್ವಲ್ಪ ಒಳಗೆ ಬೇಕೆಂದೇ ಚಕ್ರವನ್ನು ತೆಳುವಾಗಿಸಿದರು. ವೇಗ ಕೈಮೀರಿದರೆ ಮೊದಲು ಹೊರಪಟ್ಟಿ ಸಣ್ಣ ಚೂರುಗಳಾಗಿ ಉದುರುತ್ತದೆ, ಅದನ್ನು ಕವಚ ತಡೆಯುತ್ತದೆ. ಚಕ್ರ ನಡುವಿನಿಂದ ಸೀಳಿದರೆ ಹಾರುವುದು ಅರ್ಧ ಚಕ್ರದಷ್ಟು ದೊಡ್ಡ ಹೋಳು, ಅದನ್ನು ತಡೆಯುವ ಕವಚ ಮಾಡುವುದು ಬಹಳ ಕಷ್ಟ.

ನಡುವಿನ ತೂತು ಎಂಥ ಕೆಲಸ ಮಾಡಬಲ್ಲದು ಎಂಬುದು 1969ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಹಿಂಕ್ಲಿ ಪಾಯಿಂಟ್ ಎ ಅಣುವಿದ್ಯುತ್ ಸ್ಥಾವರದಲ್ಲಿ ಗೊತ್ತಾಯಿತು. ಅಲ್ಲಿನ ಉಗಿ ಟರ್ಬೈನಿನ ಮಾಮೂಲಿ ವೇಗ ನಿಮಿಷಕ್ಕೆ 3,000 ಸುತ್ತು. ವೇಗ ಮಿತಿ ಮೀರಿದರೆ ಯಂತ್ರ ತಾನೇ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ ನಡೆಯುತ್ತಿತ್ತು. ಸುಮಾರು 3,200 ಸುತ್ತು ಮುಟ್ಟುವಾಗ ಚಕ್ರವೊಂದು ಸಿಡಿಯಿತು. ವೇಗ ಏರಿದ್ದು ಶೇಕಡಾ 7ರಷ್ಟು, ಎಳೆತ ಏರಿದ್ದು ಶೇಕಡಾ 14ರಷ್ಟು. ಒಳ್ಳೆಯ ಚಕ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಚಕ್ರವನ್ನು ಶಾಫ್ಟಿನ ಮೇಲೆ ಜಾರದಂತೆ ಹಿಡಿಯಲು ತೂತಿನ ಒಳಗೋಡೆಯಲ್ಲಿ ಕೊರೆದಿದ್ದ ಗಾಡಿಯಲ್ಲಿ, ತೇವದ ಉಗಿಯಿಂದ ತುಕ್ಕು ಸೇರಿಕೊಂಡು, ಎಳೆತವೂ ತುಕ್ಕೂ ಕೂಡಿ ಸಣ್ಣ ಬಿರುಕು ಹುಟ್ಟಿಸಿದ್ದವು. ಉಕ್ಕೂ ಬಿರುಕನ್ನು ತಾಳಿಕೊಳ್ಳುವ ಜಾತಿಯದಾಗಿರಲಿಲ್ಲ. ಹೊರಗಿನಿಂದ ಕಾಣದ ಜಾಗದಲ್ಲಿ, ಎಳೆತ ಅತಿ ಹೆಚ್ಚಿರುವ ಜಾಗದಲ್ಲೇ ಆ ಬಿರುಕು ಇತ್ತು.

ಮೇಲಿನ ಸೂತ್ರದ ಮಿತಿ ಇದೇ. ಅದು ಬಿರುಕಿಲ್ಲದ, ಎಲ್ಲೆಡೆ ಒಂದೇ ಬಿಸಿಯಿರುವ ಚಕ್ರಕ್ಕೆ ಮಾತ್ರ ಉತ್ತರ ಹೇಳುತ್ತದೆ. ದೊಡ್ಡ ಉಕ್ಕಿನ ಗಟ್ಟಿ ತಣ್ಣಗಾಗುವಾಗ ನಡುಭಾಗವೇ ಕೊನೆಗೆ ಗಟ್ಟಿಯಾಗುವುದರಿಂದ ಕಸ, ಸಣ್ಣ ಪೊಳ್ಳು ಎಲ್ಲ ಅಲ್ಲೇ ಸೇರುತ್ತವೆ. ಅದಕ್ಕೇ ಭಾರಿ ಚಕ್ರಗಳ ನಡುಭಾಗವನ್ನು ಅಲ್ಟ್ರಾಸೌಂಡ್ ಹಾಯಿಸಿ ನೋಡುತ್ತಾರೆ. ಹೆಚ್ಚಿನ ವೇಗದ ಪರೀಕ್ಷೆ ಮುಗಿದ ಮೇಲೆ ತೂತಿನ ವ್ಯಾಸವನ್ನು ಮತ್ತೆ ಅಳೆಯುತ್ತಾರೆ. ಅದು ಹಿಗ್ಗಿಯೇ ಉಳಿದಿದ್ದರೆ ಅಲ್ಲಿನ ಲೋಹ ಯೀಲ್ಡ್ ದಾಟಿದೆ ಎಂದೇ ಅರ್ಥ.

ಮನೆಯ, ವರ್ಕ್‌ಶಾಪಿನ ಗ್ರೈಂಡರಿಗೆ ಬಂದರೆ

ಗ್ರೈಂಡರಿನ ಕಟಿಂಗ್ ವೀಲ್ ಮೇಲೆ ಸಾಮಾನ್ಯವಾಗಿ 80 m/s ಎಂದು ಅಚ್ಚಾಗಿರುತ್ತದೆ. ಅದೇ ಅದರ ಅಂಚಿನ ವೇಗದ ಮಿತಿ. ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂದೂ ಇರುತ್ತದೆ: 100 ಮಿಲಿಮೀಟರಿನದಕ್ಕೆ ಸುಮಾರು 15,300, 180 ಮಿಲಿಮೀಟರಿನದಕ್ಕೆ ಸುಮಾರು 8,500. ಎರಡಕ್ಕೂ ಅಂಚಿನ ವೇಗ ಅದೇ 80.

ಗಾರ್ಡ್ ಬಿಚ್ಚಿ, 11,000 ಸುತ್ತಿನ ಸಣ್ಣ ಗ್ರೈಂಡರಿಗೆ 180 ಮಿಲಿಮೀಟರ್ ಚಕ್ರ ಹಾಕಿದರೆ ಅಂಚಿನ ವೇಗ ಸುಮಾರು 104 ಮೀಟರಿಗೆ ಏರುತ್ತದೆ. ತೂತಿನ ಸುತ್ತಲಿನ ಎಳೆತ ಮಿತಿಗಿಂತ ಶೇಕಡಾ 68ರಷ್ಟು ಹೆಚ್ಚು. ಮುರಿದರೆ ತಡೆಯಲು ಗಾರ್ಡೂ ಇಲ್ಲ. "ದೊಡ್ಡ ಚಕ್ರ ಹಾಕಿದರೆ ಬೇಗ ಕತ್ತರಿಸುತ್ತದೆ" ಎಂಬ ಟಿಪ್ಸ್ ವಿಡಿಯೊ ಬಂದರೆ ಈ ಲೆಕ್ಕವನ್ನು ಅದರ ಕೆಳಗೆ ಹಾಕಿ. ತೂತು ಹೊಂದಲಿಲ್ಲವೆಂದು ಅದನ್ನು ಕೆರೆದು ದೊಡ್ಡದು ಮಾಡುವುದೂ ಅಷ್ಟೇ ಕೆಟ್ಟದ್ದು, ಏಕೆಂದು ಈಗ ನಿಮಗೇ ಗೊತ್ತು.

ಬೆಂಚ್ ಗ್ರೈಂಡರಿನ ಸಾಣೆ ಕಲ್ಲನ್ನು ಹಾಕುವ ಮೊದಲು ತೂತಿನಲ್ಲಿ ಬೆರಳಿಟ್ಟು ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ಬಡಿದು ನೋಡಿ. ಗಂಟೆಯಂತೆ ಸ್ವಚ್ಛ ಸದ್ದು ಬಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಒಳಗೆ ಬಿರುಕಿದೆ. ತೆಳುವಾದ ಕಟಿಂಗ್ ವೀಲಿಗೆ ಈ ಪರೀಕ್ಷೆ ಆಗದು, ಚೆನ್ನಾಗಿದ್ದರೂ ಅದರ ಸದ್ದು ಮಂದವೇ. ಅದಕ್ಕೆ ನಡುವಿನ ಲೋಹದ ಉಂಗುರದ ಮೇಲೆ ಅಚ್ಚಾಗಿರುವ ಅವಧಿಯ ದಿನಾಂಕ ನೋಡಿ, ಹಾಗೇ ತೂತಿನ ಸುತ್ತ ಒಡಕು ಇದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ.