ಸೇಡಂ, ಮಳಖೇಡ ಮತ್ತು ಕುದುರೆಗೆ ಹಾಕಿದ ಮುದ್ರೆ: ಮೊಘಲರ ಪಗಾರದ ಲೆಕ್ಕ

1685ರ ಮಳೆಗಾಲದ ಹೊತ್ತಿಗೆ ಔರಂಗಜೇಬನ ಮಗ ಶಾಹಜಾದಾ ಮುಅಜ್ಜಮ್ ದೊಡ್ಡ ಸೇನೆ ಕಟ್ಟಿಕೊಂಡು ಹೈದರಾಬಾದಿನ ಕಡೆ ಹೊರಟ. ಅವನ ದಾರಿ ನಮ್ಮ ಭಾಗದ ಮೇಲೇ ಹಾದಿತ್ತು. ಮಳಖೇಡದ ಹತ್ತಿರ ಗೋಲ್ಕೊಂಡಾದ ಕುತುಬ್‌ಶಾಹಿ ಸೇನೆ ಅಡ್ಡ ನಿಂತಿತು. ವಾರಗಟ್ಟಲೆ ಮೊಘಲರು ಮುಂದೆ ಹೋಗಲಾಗಲಿಲ್ಲ. ಕಾಗಿಣಾ ಹೊಳೆ, ಕಪ್ಪು ಎರೆಮಣ್ಣು, ಮೇಲೆ ಮಳೆ. ಈ ಹೊಲದಾಗ ಮಳೆಗಾಲದಲ್ಲಿ ಎತ್ತು ಹೊಡೆದವರಿಗೆ ಕುದುರೆ ಓಡಿಸುವ ಕಷ್ಟವನ್ನು ಬೇರೆ ಹೇಳಬೇಕಿಲ್ಲ.

ಆಮೇಲೆ ಆದದ್ದು ಯುದ್ಧಕ್ಕಿಂತ ಸ್ವಾರಸ್ಯದ್ದು. ಗೋಲ್ಕೊಂಡಾ ಸೇನೆಯ ಮುಖ್ಯಸ್ಥ ಮೀರ್ ಮುಹಮ್ಮದ್ ಇಬ್ರಾಹಿಂ ತನ್ನ ದೊರೆಯನ್ನು ಬಿಟ್ಟು ಮೊಘಲರ ಕಡೆ ಸೇರಿಕೊಂಡ. ಹೈದರಾಬಾದ್ ನಗರ ಅಕ್ಟೋಬರಿನಲ್ಲಿ ಮೊಘಲರ ಕೈಗೆ ಹೋಯಿತು. ಸುಲ್ತಾನ ಅಬುಲ್ ಹಸನ್ ಗೋಲ್ಕೊಂಡಾ ಕೋಟೆಯೊಳಗೆ ಸೇರಿ ರಾಜಿಗೆ ಒಪ್ಪಿದ. ಹಣ ಕೊಡಬೇಕು, ಮಂತ್ರಿಗಳಾದ ಮಾದಣ್ಣ ಅಕ್ಕಣ್ಣರನ್ನು ತೆಗೆದುಹಾಕಬೇಕು ಎಂಬ ಷರತ್ತುಗಳ ಜೊತೆಗೆ ಇನ್ನೊಂದಿತ್ತು: ಸೇಡಂ ಮತ್ತು ಮಳಖೇಡ ಮೊಘಲರಿಗೇ ಉಳಿಯಬೇಕು. ನಮ್ಮ ಎರಡು ಊರಿನ ಹೆಸರು ಹೀಗೆ ದಿಲ್ಲಿ ಬಾದಶಹರ ಒಪ್ಪಂದದಲ್ಲಿ ಬಂತು.

ಪಕ್ಷ ಬದಲಿಸಿದ ಇಬ್ರಾಹಿಮನಿಗೆ ಮಹಾಬತ್ ಖಾನ್ ಎಂಬ ಬಿರುದು ಸಿಕ್ಕಿತು, ಅದರ ಜೊತೆ ದೊಡ್ಡ ಮನ್ಸಬ್ ಸಿಕ್ಕಿತು. ಈ ಮನ್ಸಬ್ ಅಂದರೆ ಏನು, ಅದಕ್ಕೆ ಅಷ್ಟು ದೊಡ್ಡ ಸರದಾರರು ಯಾಕೆ ಆಸೆಪಟ್ಟರು, ಅದರ ಖರ್ಚು ಕೊನೆಗೆ ಯಾರ ಹೊಲದಿಂದ ಬಂತು ಎನ್ನುವುದನ್ನೇ ನಾವು ಇಲ್ಲಿ ನೋಡೋಣ.

ಮನ್ಸಬ್ ಅಂದರೆ ದರ್ಜೆ. ಅಕ್ಬರ್ 1570ರ ದಶಕದಲ್ಲಿ ಇದಕ್ಕೆ ಕಟ್ಟುನಿಟ್ಟಿನ ರೂಪ ಕೊಟ್ಟ. ಮೊಘಲ್ ಸರಕಾರದಲ್ಲಿ ಸೇನೆಗೆ ಬೇರೆ, ಕಚೇರಿಗೆ ಬೇರೆ ಎಂದು ನೌಕರಿ ಇರಲಿಲ್ಲ. ಲೆಕ್ಕ ಬರೆಯುವವನಿರಲಿ, ಕೋಟೆ ಕಾಯುವವನಿರಲಿ, ದೊಡ್ಡವರೆಲ್ಲ ಮನ್ಸಬ್‌ದಾರರೇ. ಶಿವಾಜಿ 1666ರಲ್ಲಿ ಆಗ್ರಾ ದರ್ಬಾರಿನಲ್ಲಿ ಸಿಟ್ಟಾದದ್ದೂ ಇದೇ ದರ್ಜೆಯ ವಿಷಯಕ್ಕೆ. ಅವರನ್ನು ಪಂಚಹಜಾರಿಗಳ, ಅಂದರೆ ಐದು ಸಾವಿರದವರ ಸಾಲಿನಲ್ಲಿ ನಿಲ್ಲಿಸಿದ್ದರು. ಎಳೆಯ ಮಗನಿಗೂ ಅದೇ ದರ್ಜೆ ಮೊದಲೇ ಕೊಟ್ಟಾಗಿತ್ತು!

ಅಕ್ಬರನ ಆಳ್ವಿಕೆಯ ಕೊನೆಯ ವರ್ಷಗಳಿಂದ ಈ ದರ್ಜೆಗೆ ಎರಡು ಅಂಕಿ ಬಂದವು. ಮೊದಲನೆಯದು ಜಾತ್. ಇದು ನಮ್ಮ ಜಾತಿ ಅಲ್ಲ. ಪಾರಸಿಯಲ್ಲಿ ಜಾತ್ ಅಂದರೆ ಆ ಮನುಷ್ಯ ಸ್ವತಃ. ಅವನ ಸ್ಥಾನ ಮತ್ತು ಸ್ವಂತ ಪಗಾರವನ್ನು ಈ ಅಂಕಿ ಹೇಳುತ್ತದೆ. ಎರಡನೆಯದು ಸವಾರ್. ಅವನು ಎಷ್ಟು ಕುದುರೆ ಸವಾರರ ಜವಾಬ್ದಾರಿ ಹೊತ್ತಿದ್ದಾನೆ, ಅವರಿಗಾಗಿ ಎಷ್ಟು ಹಣ ಪಡೆಯುತ್ತಾನೆ ಎನ್ನುವುದು ಅದರಲ್ಲಿ ಇರುತ್ತದೆ. ಎರಡೂ ಅಂಕಿ ಸಮನಾಗಿದ್ದರೆ ಅವನು ತನ್ನ ದರ್ಜೆಯಲ್ಲಿ ಮೊದಲನೇ ವರ್ಗ. ಸವಾರ್ ಅಂಕಿ ಜಾತ್‌ನ ಅರ್ಧಕ್ಕಿಂತ ಕಡಿಮೆಯಿದ್ದರೆ ಮೂರನೇ ವರ್ಗ, ಇವೆರಡರ ನಡುವಿನವರು ಎರಡನೇ ವರ್ಗ. ಹೆಚ್ಚು ಕುದುರೆ ತರುವವನಿಗೆ ಸ್ವಂತ ಪಗಾರವೂ ಸ್ವಲ್ಪ ಹೆಚ್ಚು. ದರ್ಜೆ, ಪಗಾರ, ಕುದುರೆ ಮೂರಕ್ಕೂ ಗಂಟು ಬಿದ್ದದ್ದು ಇಲ್ಲಿ.

ಲೆಕ್ಕ ಮಾಡಿ ನೋಡಿದರೆ ತಿಳಿಯುತ್ತದೆ. ಶಹಜಹಾನನ ಕಾಲದ ದರ ಹಿಡಿದು ಒಬ್ಬ ಕಾಲ್ಪನಿಕ ಮನ್ಸಬ್‌ದಾರನನ್ನು ತಗೊಳ್ಳೋಣ: ಜಾತ್ 1000, ಸವಾರ್ 1000. ಆಗಿನ ಲೆಕ್ಕವೆಲ್ಲ ದಾಮ್ ಎಂಬ ತಾಮ್ರದ ನಾಣ್ಯದಲ್ಲಿ. 40 ದಾಮಿಗೆ ಒಂದು ರೂಪಾಯಿ. ಅವನ ಸ್ವಂತ ಪಗಾರ ವರ್ಷಕ್ಕೆ 20 ಲಕ್ಷ ದಾಮ್. ಪ್ರತಿ ಸವಾರನಿಗೆ 8000 ದಾಮ್, ಅಂದರೆ 1000 ಸವಾರರಿಗೆ 80 ಲಕ್ಷ. ಒಟ್ಟು ಒಂದು ಕೋಟಿ ದಾಮ್, ಎರಡೂವರೆ ಲಕ್ಷ ರೂಪಾಯಿ.

ಹಾಗಾದರೆ ಅವನು ಸಾವಿರ ಸವಾರರನ್ನು ನಿಲ್ಲಿಸಬೇಕಿತ್ತೇ? ಇಲ್ಲ. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಶಹಜಹಾನನ ನಿಯಮದ ಪ್ರಕಾರ, ಜಾಗೀರು ಇರುವ ಸುಬಾದಲ್ಲೇ ನೌಕರಿ ಇದ್ದರೆ ಸವಾರ್ ಅಂಕಿಯ ಮೂರನೇ ಒಂದು ಭಾಗ ಹಾಜರುಪಡಿಸಿದರೆ ಸಾಕು. ಬೇರೆ ಸುಬಾದಲ್ಲಿ ಕೆಲಸವಿದ್ದರೆ ನಾಲ್ಕನೇ ಒಂದು ಭಾಗ. ನಮ್ಮ ಲೆಕ್ಕದ ಮನುಷ್ಯ ಒಂದು ಕಡೆ 333 ಸವಾರರನ್ನು, ಇನ್ನೊಂದು ಕಡೆ 250 ಸವಾರರನ್ನು ತೋರಿಸಬೇಕು. ಆದ್ದರಿಂದ ಹಳೆಯ ಪುಸ್ತಕದಲ್ಲಿ ಐದು ಸಾವಿರದ ಸರದಾರ ಎಂದು ಓದಿದರೆ ಅವನ ಬೆನ್ನ ಹಿಂದೆ ಐದು ಸಾವಿರ ಕುದುರೆ ಇದ್ದವೆಂದು ತಿಳಿಯಬಾರದು.

ಸವಾರ ಒಬ್ಬನಾದರೂ ಕುದುರೆ ಒಂದೇ ಸಾಲದು. ದೂರದ ನಡಿಗೆಯಲ್ಲಿ ಕುದುರೆ ಕುಂಟುತ್ತದೆ, ಸಾಯುತ್ತದೆ. ಕುದುರೆ ಇಲ್ಲದ ಸವಾರ ಬರೀ ಕಾಲಾಳು. ಅದಕ್ಕೇ ಹತ್ತು ಜನರಿಗೆ ಇಪ್ಪತ್ತು ಕುದುರೆ ಎಂಬ ಪದ್ಧತಿ ಇತ್ತು. ಹತ್ತರಲ್ಲಿ ಮೂವರಿಗೆ ಮೂರು ಮೂರು, ನಾಲ್ವರಿಗೆ ಎರಡೆರಡು, ಉಳಿದ ಮೂವರಿಗೆ ಒಂದೊಂದು. ಒಂಬತ್ತು, ಎಂಟು, ಮೂರು ಕೂಡಿಸಿ ನೋಡಿ, ಇಪ್ಪತ್ತೇ ಬರುತ್ತದೆ.

ಹಣ ತಗೊಂಡವನು ಕುದುರೆ ನಿಜವಾಗಿ ಸಾಕಿದ್ದಾನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹಾಜರಿಯ ದಿನ ಪಕ್ಕದವನ ಕುದುರೆ ಸಾಲ ತಂದು ನಿಲ್ಲಿಸುವುದು, ಪೇಟೆಯಲ್ಲಿ ಸಿಕ್ಕವನಿಗೆ ಕತ್ತಿ ಕೊಟ್ಟು ಸವಾರ ಎನ್ನುವುದು, ತಟ್ಟು ತಂದು ತುರ್ಕಿ ಕುದುರೆ ಎನ್ನುವುದು ಎಲ್ಲ ನಡೆಯುತ್ತಿತ್ತು. ಇದಕ್ಕೆ ಮದ್ದಾಗಿ ಬಂದದ್ದು ದಾಗ್ ಮತ್ತು ಚೆಹರಾ. ದಾಗ್ ಅಂದರೆ ಕಾಯಿಸಿದ ಕಬ್ಬಿಣದಿಂದ ಕುದುರೆಯ ಮೈಮೇಲೆ ಹಾಕುವ ಮುದ್ರೆ. ಚೆಹರಾ ಅಂದರೆ ಸವಾರನ ಮುಖದ ಗುರುತು ಬರೆದಿಟ್ಟ ದಾಖಲೆ: ಮೈಬಣ್ಣ, ಹುಬ್ಬು, ಮಚ್ಚೆ, ಗಾಯದ ಕಲೆ, ತಂದೆಯ ಹೆಸರು. ಇವತ್ತು ರೇಷನ್ ಅಂಗಡಿಯಲ್ಲಿ ನಾವು ಹೆಬ್ಬೆಟ್ಟು ಒತ್ತುವ ಹಾಗೆ ಅಂದುಕೊಳ್ಳಿ. ಕುದುರೆಗೆ ಮುದ್ರೆ ಬಿದ್ದ ಮೇಲೆ ಅದೇ ಕುದುರೆ ಇಬ್ಬರು ಸರದಾರರ ಲೆಕ್ಕದಲ್ಲಿ ಬರುವುದು ಕಷ್ಟವಾಯಿತು. ಪೂರ್ತಿ ನಿಲ್ಲಲಿಲ್ಲ, ಯಾಕೆಂದರೆ ಹಾಜರಿ ಬರೆಯುವವನೂ ಮನುಷ್ಯನೇ.

ಇನ್ನು ಹಣ. ಕೆಲವರಿಗೆ ಖಜಾನೆಯಿಂದ ನಗದು ಸಿಗುತ್ತಿತ್ತು. ದೊಡ್ಡವರಲ್ಲಿ ಹೆಚ್ಚಿನವರಿಗೆ ಸಿಗುತ್ತಿದ್ದದ್ದು ಜಾಗೀರು. ನಮ್ಮ ಕಡೆ ಜಾಗೀರು ಅಂದರೆ ಅಜ್ಜನಿಂದ ಮೊಮ್ಮಗನಿಗೆ ಬರುವ ಭೂಮಿ ಎಂದೇ ಹಿರಿಯರು ಹೇಳುತ್ತಾರೆ. ಅದು ನಿಜಾಮರ ಕಾಲದ ನೆನಪು. ಮೊಘಲರ ಜಾಗೀರು ಹಾಗಲ್ಲ. ಅಲ್ಲಿ ಭೂಮಿ ಜಾಗೀರದಾರನದಾಗುತ್ತಿರಲಿಲ್ಲ. ಆ ಊರುಗಳ ಕಂದಾಯ ವಸೂಲಿ ಮಾಡುವ ಹಕ್ಕು ಮಾತ್ರ ಅವನದು, ಅದೂ ಕೆಲವು ವರ್ಷಕ್ಕೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬೇರೆ ಕಡೆ ವರ್ಗ. ಸರದಾರ ಒಂದೇ ಕಡೆ ಬೇರುಬಿಟ್ಟರೆ ಬಾದಶಹನಿಗೇ ತಿರುಗಿ ಬೀಳುತ್ತಾನೆ ಎಂಬ ಭಯ ಇದರ ಹಿಂದಿತ್ತು.

ಪ್ರತಿ ಪರಗಣಕ್ಕೆ ದಿವಾನರ ಕಚೇರಿಯಲ್ಲಿ ಇಷ್ಟು ದಾಮ್ ಹುಟ್ಟುವಳಿ ಎಂದು ಬರೆದಿರುತ್ತಿತ್ತು. ಅದಕ್ಕೆ ಜಮಾ ಎನ್ನುತ್ತಿದ್ದರು. ಒಂದು ಕೋಟಿ ದಾಮ್ ಪಗಾರದವನಿಗೆ ಒಂದು ಕೋಟಿ ದಾಮ್ ಜಮಾ ಇರುವ ಊರುಗಳನ್ನು ಹೊಂದಿಸಿ ಕೊಡುತ್ತಿದ್ದರು. ಕಾಗದದ ಮೇಲೆ ಸರಿಹೋಯಿತು. ಆದರೆ ರಾಶಿಯಾದ ಮೇಲೆ ನಿಜವಾಗಿ ಕೈಗೆ ಬರುವುದು ಹಾಸಿಲ್. ದಖ್ಖನ್ನಿನಲ್ಲಿ ಜಮಾ ಮತ್ತು ಹಾಸಿಲ್ ನಡುವೆ ಭಾರೀ ಅಂತರ. ಬರ ಬಿದ್ದ ಊರು, ಯುದ್ಧದಲ್ಲಿ ಸುಟ್ಟ ಊರು, ರೈತರು ಬಿಟ್ಟುಹೋದ ಊರು ಎಲ್ಲ ಹಳೆಯ ಅಂಕಿಯಲ್ಲೇ ಉಳಿದಿದ್ದವು. ಔರಂಗಜೇಬ್ ಸ್ವತಃ 1650ರ ದಶಕದಲ್ಲಿ ದಖ್ಖನ್ನಿನ ಸುಬೇದಾರನಾಗಿದ್ದಾಗ ಇಲ್ಲಿಯ ಜಾಗೀರುಗಳಿಂದ ಹಣ ಹುಟ್ಟುವುದಿಲ್ಲ ಎಂದು ತಂದೆಗೆ ಕಾಗದದ ಮೇಲೆ ಕಾಗದ ಬರೆದಿದ್ದ.

ಇದಕ್ಕೆ ಸರಕಾರ ಕಂಡುಕೊಂಡ ದಾರಿ ತಿಂಗಳ ಲೆಕ್ಕ. ಜಮಾದ ಪೂರ್ತಿ ಹಣ ಬಂದರೆ ಅದು ಹನ್ನೆರಡು ತಿಂಗಳ ಜಾಗೀರು. ಅರ್ಧ ಬಂದರೆ ಆರು ತಿಂಗಳದ್ದು. ಮೂರರಲ್ಲಿ ಒಂದು ಭಾಗ ಬಂದರೆ ನಾಲ್ಕು ತಿಂಗಳದ್ದು. ನಮ್ಮ ಮನ್ಸಬ್‌ದಾರನಿಗೆ ಆರು ತಿಂಗಳ ಜಾಗೀರು ಸಿಕ್ಕರೆ ಎರಡೂವರೆ ಲಕ್ಷ ರೂಪಾಯಿಯ ಜಾಗದಲ್ಲಿ ಬರುವುದು ಒಂದು ಲಕ್ಷ 25 ಸಾವಿರ. ಅವನು ತರಬೇಕಾದ ಕುದುರೆಗಳ ಲೆಕ್ಕವೂ ಅದಕ್ಕೆ ತಕ್ಕ ಹಾಗೆ ಇಳಿಯುತ್ತಿತ್ತು. ದರ್ಜೆ ಮಾತ್ರ ಇಳಿಯುತ್ತಿರಲಿಲ್ಲ. ದರ್ಬಾರಿನಲ್ಲಿ ಅವನು ಹಜಾರಿಯೇ. ನಮಗೆ ಕಾಣುವಂತೆ ಇದು ಜಾಣತನದ ಏರ್ಪಾಡೇ. ಆದರೆ ಪಗಾರದ ಜೊತೆಗೆ ಸೇನೆಯೂ ಕಾಗದದಲ್ಲೇ ಉಳಿಯತೊಡಗಿತು.

ಈಗ 1686-87ಕ್ಕೆ ಬರೋಣ. 1686ರ ಸೆಪ್ಟೆಂಬರಿನಲ್ಲಿ ವಿಜಯಪುರ ಬಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಗೋಲ್ಕೊಂಡಾ ಬಿತ್ತು. ಸೇಡಂ ಮಳಖೇಡದ ಷರತ್ತಿಗೂ ಆ ರಾಜಿಗೂ ಅರ್ಥ ಉಳಿಯಲಿಲ್ಲ. ಎರಡೂ ರಾಜ್ಯಗಳ ಸರದಾರರು, ಅವರ ಜೊತೆ ಮರಾಠಾ ಸರದಾರರು, ಗುಂಪು ಗುಂಪಾಗಿ ಮೊಘಲ್ ಸೇವೆಗೆ ಬಂದರು. ಎಲ್ಲರಿಗೂ ಮನ್ಸಬ್ ಕೊಡಬೇಕು, ಇಲ್ಲದಿದ್ದರೆ ಶತ್ರುವಿನ ಕಡೆ ಹೋಗುತ್ತಾರೆ. ಅಂಕಿ ಬರೆಯುವುದಕ್ಕೆ ಖರ್ಚಿಲ್ಲ, ಆದರೆ ಆ ಅಂಕಿಗೆ ಜಾಗೀರು ಎಲ್ಲಿಂದ ತರುವುದು? ಒಂದು ದಾಳಿಂಬೆ, ನೂರು ರೋಗಿಗಳು ಎಂಬ ಪಾರಸಿ ಗಾದೆ ಈ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ. ಗೆದ್ದ ಹೊಸ ನಾಡಿನ ದೊಡ್ಡ ಭಾಗವನ್ನು ಬಾದಶಹ ಯುದ್ಧದ ಖರ್ಚಿಗೆಂದು ತನ್ನ ಕೈಯಲ್ಲೇ ಇಟ್ಟುಕೊಂಡ. ದಖ್ಖನಿ ಸರದಾರರ ಪಗಾರದಲ್ಲಿ ಕಾಲು ಭಾಗ ಕಡಿತವೂ ಇತ್ತು. ಮನ್ಸಬ್ ಸಿಕ್ಕು ಜಾಗೀರಿಗಾಗಿ ವರ್ಷಗಟ್ಟಲೆ ಕಾಯುವವರು ಹೆಚ್ಚಾದರು.

ಇದರ ಪೆಟ್ಟು ಬಿದ್ದದ್ದು ಊರಿನ ಮೇಲೆ. ದಖ್ಖನ್ನಿನಲ್ಲೇ ನೌಕರಿ ಮಾಡಿದ ಭೀಮಸೇನ್ ಎಂಬ ಕಾಯಸ್ಥ ಲೇಖಕ ಇದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮುಂದಿನ ವರ್ಷ ಈ ಊರು ತನ್ನ ಕೈಯಲ್ಲಿ ಇರುತ್ತದೆಂಬ ಭರವಸೆ ಜಾಗೀರದಾರನಿಗಿಲ್ಲ. ಅವನ ಆಮಿಲನಿಗೂ ಇಲ್ಲ. ಹಾಗಿರುವಾಗ ಕೆರೆ ಕಟ್ಟಿಸುವವರು ಯಾರು, ಬಿತ್ತನೆಗೆ ಸಾಲ ಕೊಡುವವರು ಯಾರು? ಈ ಸುಗ್ಗಿಯಲ್ಲಿ ಎಷ್ಟು ಎಳೆಯಲಾಗುತ್ತದೋ ಅಷ್ಟು ಎಳೆದರು. ರೈತ ಊರು ಬಿಟ್ಟರೆ ಹಾಸಿಲ್ ಇನ್ನೂ ಇಳಿಯಿತು. ಹಾಸಿಲ್ ಇಳಿದರೆ ಸರದಾರ ಸವಾರರನ್ನು ಕಡಿಮೆ ಮಾಡಿದ. ಸವಾರರಿಲ್ಲದಿದ್ದರೆ ವಸೂಲಿಯೇ ಆಗಲಿಲ್ಲ, ಯಾಕೆಂದರೆ ಊರ ಗೌಡ, ದೇಸಾಯಿಗಳು ಕುದುರೆ ಬಲ ಕಂಡರಷ್ಟೇ ಹಣ ಬಿಚ್ಚುತ್ತಿದ್ದರು.

ನಮ್ಮ ಪಕ್ಕದ ಯಾದಗಿರಿ ಕಡೆಯ ಬೇಡ ನಾಯಕರನ್ನು ನೋಡಿದರೆ ಮನ್ಸಬ್ ಎಲ್ಲಿ ಸೋತಿತು ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಸಗರದ ಪಾಮನಾಯಕ 1687ರ ಕೊನೆಗೆ ಕೋಟೆ ಒಪ್ಪಿಸಿ ಬಾದಶಹನ ಶಿಬಿರಕ್ಕೆ ಬಂದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ವಾರಸುದಾರ ಪಿಡ್ಡನಾಯಕ ಮೊಘಲರ ಜೊತೆ ಸೇರಿ 1689ರಲ್ಲಿ ರಾಯಚೂರು ಮುತ್ತಿಗೆಯಲ್ಲಿ ರುಹುಲ್ಲಾ ಖಾನನ ಕಡೆ ಇದ್ದ. ಆದರೆ ಅವನ ಬಲ ದಿವಾನರ ದಾಖಲೆಯಲ್ಲಿ ಇರಲಿಲ್ಲ. ಕೋವಿ ಹಿಡಿದ ಅವನ ಬೇಡರು ಕಾಲಾಳುಗಳು. ಅವರಿಗೆ ದಾಗ್ ಬೇಡ, ತುರ್ಕಿ ಕುದುರೆ ಬೇಡ, ಜಾಗೀರಿನ ಕಾಗದವೂ ಬೇಡ. ಅವನು ವಾಗಣಗೇರಾದ ಗುಡ್ಡದ ಕೋಟೆಯನ್ನು ಬಲಪಡಿಸಿಕೊಂಡು ತನ್ನ ಪಾಡಿಗೆ ಆಳತೊಡಗಿದ. ಶಾಹಜಾದೆಗಳು ಬಂದು ಹೋದರು. ಕೊನೆಗೆ 1705ರ ಫೆಬ್ರುವರಿಯಲ್ಲಿ ಎಂಬತ್ತು ದಾಟಿದ ಔರಂಗಜೇಬನೇ ಬಂದು ಕೂತ. ಅವನ ಜೊತೆ ಹಜಾರಿ, ಪಂಚಹಜಾರಿ ಎಲ್ಲರೂ ಇದ್ದರು. ಸುಮಾರು ಮೂರು ತಿಂಗಳ ನಂತರ, ಏಪ್ರಿಲ್ ಕೊನೆಗೆ, ಕೋಟೆ ಕೈಗೆ ಬಂತು. ಒಳಗೆ ಹೋಗಿ ನೋಡಿದರೆ ನಾಯಕ ರಾತ್ರಿಯೇ ತನ್ನವರನ್ನು ಕರೆದುಕೊಂಡು ಹೊರಟುಹೋಗಿದ್ದ.