ಅನಾತ್ಮವೂ ಪುನರ್ಭವವೂ

(ಬಾನುಲಿ ಭಾಷಣ)

ಮೈಸೂರಿನ ಹೆಬ್ಬಾಳದಿಂದ ಉತ್ತರಕ್ಕೆ ಹೊರಟರೆ ಸುಮಾರು 80 ಕಿಲೋಮೀಟರು ದೂರದಲ್ಲಿ ಶ್ರವಣಬೆಳಗೊಳ. ಪಶ್ಚಿಮಕ್ಕೆ ಹುಣಸೂರು, ಪಿರಿಯಾಪಟ್ಟಣಗಳ ದಾರಿ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಬೈಲಕುಪ್ಪೆ. ಬೌದ್ಧರ ನೈರಾತ್ಮ್ಯವಾದ ವಾದಸಭೆಯಲ್ಲಿ ಸೋತಿತೆಂದು ಮೊದಲನೆಯ ಊರಿನ ಒಂದು ಕಲ್ಲು ಹೇಳುತ್ತದೆ. ಎರಡನೆಯ ಊರಿನ ವಿಹಾರಗಳಲ್ಲಿ ಅದೇ ವಾದ ಇಂದಿಗೂ ಭಿಕ್ಷುಗಳ ಪಾಠದ ವಿಷಯ. ಎರಡು ಊರುಗಳ ನಡುವೆ ಒಂದು ಹಳೆಯ ಪ್ರಶ್ನೆಯಿದೆ. ಆತ್ಮವೇ ಇಲ್ಲವೆಂದ ಮೇಲೆ ಮತ್ತೆ ಹುಟ್ಟುವವನು ಯಾರು? ಇಂದು ಮಾಡಿದ ಕರ್ಮದ ಫಲವನ್ನು ನಾಳೆ ಉಣ್ಣುವವನು ಯಾರು?

ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಮುನಿಯ ನೆನಪಿಗೆ 1129ರಲ್ಲಿ ನಿಲ್ಲಿಸಿದ ಶಾಸನವೊಂದಿದೆ. ಅದರಲ್ಲಿ ಜೈನ ಗುರುಪರಂಪರೆಯನ್ನು ಹೊಗಳುವಾಗ ಅಕಲಂಕನ ಮಾತು ಬರುತ್ತದೆ. ಹಿಮಶೀತಲನೆಂಬ ಅರಸನ ಸಭೆಯಲ್ಲಿ ತಾನು ಬೌದ್ಧರನ್ನು ಗೆದ್ದುದು ಅಹಂಕಾರದಿಂದಲ್ಲ, ದ್ವೇಷದಿಂದಲೂ ಅಲ್ಲ; ನೈರಾತ್ಮ್ಯವನ್ನು ನಂಬಿ ಕೆಡುತ್ತಿದ್ದ ಜನರ ಮೇಲಿನ ಕರುಣೆಯಿಂದ ಎಂದು ಅಕಲಂಕ ಹೇಳಿದಂತೆ ಅಲ್ಲಿ ಬರೆದಿದೆ. ಅಕಲಂಕನನ್ನು ವಿದ್ವಾಂಸರು ಸಾಮಾನ್ಯವಾಗಿ ಎಂಟನೆಯ ಶತಮಾನದಲ್ಲಿಡುತ್ತಾರೆ. ಶಾಸನ ಹುಟ್ಟಿದ್ದು ಅವನಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ. ಆದುದರಿಂದ ಇದನ್ನು ಸಭೆಯ ವರದಿಯೆಂದು ಓದಬಾರದು, ಗೆದ್ದವರ ಪರಂಪರೆ ಕಾಪಾಡಿಕೊಂಡ ನೆನಪೆಂದು ಓದಬೇಕು. ಆ ಸೋಲಿನಿಂದ ಬೌದ್ಧಧರ್ಮ ಕನ್ನಡನಾಡಿನಲ್ಲಿ ಒಮ್ಮೆಗೇ ಮುಗಿದುಹೋಗಲೂ ಇಲ್ಲ. 1095ರಲ್ಲಿ, ಇಂದಿನ ಗದಗ ಜಿಲ್ಲೆಯ ಡಂಬಳದಲ್ಲಿ, ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಗೂ ದತ್ತಿ ನಡೆದುದನ್ನು ಅಲ್ಲಿನ ಶಾಸನ ಹೇಳುತ್ತದೆ. ಆದರೆ ಶ್ರವಣಬೆಳಗೊಳದ ಕಲ್ಲಿನ ಆ ಒಂದು ಪದ ನಮಗೆ ಮುಖ್ಯ. ಜನ ಕೆಡುತ್ತಿರುವುದು ನೈರಾತ್ಮ್ಯದಿಂದ ಎನ್ನುತ್ತದೆ ಅದು. ತರ್ಕದ ಸೂಕ್ಷ್ಮವೊಂದು ಜನರನ್ನು ಹೇಗೆ ಕೆಡಿಸೀತು? ಇದನ್ನು ತಿಳಿಯಬೇಕಾದರೆ ಬುದ್ಧನು ಹೇಳಿದ್ದೇನು ಎಂಬಲ್ಲಿಂದಲೇ ಆರಂಭಿಸಬೇಕು.

ಮಜ್ಝಿಮನಿಕಾಯದ 38ನೆಯ ಸುತ್ತದಲ್ಲಿ ಸಾತಿ ಎಂಬ ಭಿಕ್ಷುವಿನ ಪ್ರಸಂಗವಿದೆ. ಅವನು ಬೆಸ್ತರ ಮನೆಯ ಮಗ. ಒಂದೇ ವಿಜ್ಞಾನ, ಎಂದರೆ ಒಂದೇ ಅರಿವು, ತಾನು ಬದಲಾಗದೆ ಜನ್ಮದಿಂದ ಜನ್ಮಕ್ಕೆ ಓಡಾಡುತ್ತದೆ. ಬುದ್ಧನ ಬೋಧೆ ಇದೇ ಎಂದು ಅವನು ತಿಳಿದಿದ್ದ. ಸಂಗಡಿಗರು ತಿದ್ದಿದರೂ ಬಿಡಲಿಲ್ಲ. ಬುದ್ಧನು ಕರೆಸಿ, ಆ ವಿಜ್ಞಾನವೆಂದರೆ ಯಾವುದು ಎಂದು ಕೇಳಿದ. ಮಾತಾಡುವುದು, ಅನುಭವಿಸುವುದು, ಅಲ್ಲಲ್ಲಿ ಪುಣ್ಯಪಾಪಗಳ ಫಲ ಉಣ್ಣುವುದು ಅದೇ ಎಂದ ಸಾತಿ. ನಮ್ಮಲ್ಲಿ ಬಹುಮಂದಿ ಇಂದಿಗೂ ಕೊಡುವ ಉತ್ತರ ಇದೇ ತಾನೆ? ಬುದ್ಧನು ಅವನನ್ನು ಕಟುವಾಗಿಯೇ ಗದರಿದ. ಕಾರಣಗಳು ಕೂಡಿದಾಗ ಮಾತ್ರ ಅರಿವು ಹುಟ್ಟುತ್ತದೆಂದು ತಾನು ಎಷ್ಟೋ ಬಗೆಯಲ್ಲಿ ಹೇಳಿಲ್ಲವೇ ಎಂದ. ಬಳಿಕ ಬೆಂಕಿಯ ಹೋಲಿಕೆ ಕೊಟ್ಟ. ಸೌದೆಯನ್ನು ಹಿಡಿದು ಉರಿದರೆ ಅದು ಸೌದೆಯ ಬೆಂಕಿ, ಬೆರಣಿಯನ್ನು ಹಿಡಿದರೆ ಬೆರಣಿಯ ಬೆಂಕಿ, ಹೊಟ್ಟನ್ನು ಹಿಡಿದರೆ ಹೊಟ್ಟಿನ ಬೆಂಕಿ. ಹಾಗೆಯೇ ಕಣ್ಣನ್ನೂ ರೂಪವನ್ನೂ ಹಿಡಿದು ಹುಟ್ಟಿದ ಅರಿವು ಕಣ್ಣಿನ ಅರಿವು, ಕಿವಿಯನ್ನೂ ಶಬ್ದವನ್ನೂ ಹಿಡಿದುದು ಕಿವಿಯ ಅರಿವು. ಇವುಗಳ ಹಿಂದೆ, ಏನನ್ನೂ ಹಿಡಿಯದೆ ತಾನೇ ತಾನಾಗಿ ಇರುವ ಅರಿವೊಂದಿಲ್ಲ. ಇಂಧನವಿಲ್ಲದ ಬೆಂಕಿ ಹೇಗೆ ಇಲ್ಲವೋ ಹಾಗೆ.

ಇಲ್ಲಿ ಬುದ್ಧನು ಮರುಹುಟ್ಟನ್ನು ಅಲ್ಲಗಳೆಯಲಿಲ್ಲ, ಪ್ರಯಾಣಿಕನನ್ನು ಅಲ್ಲಗಳೆದ. ಬೆಂಕಿ ಒಂದು ಸೌದೆಯಿಂದ ಇನ್ನೊಂದಕ್ಕೆ ಹತ್ತುತ್ತದೆ ಎನ್ನುತ್ತೇವೆ. ಹತ್ತುವಾಗ ಮೊದಲ ಸೌದೆಯಿಂದ ಎದ್ದು ನಡೆದುಬಂದ ವಸ್ತು ಯಾವುದು? ಯಾವುದೂ ಇಲ್ಲ. ಆದರೂ ಆ ಸೌದೆ ಉರಿಯದಿದ್ದರೆ ಈ ಸೌದೆ ಉರಿಯುತ್ತಿರಲಿಲ್ಲ. ಅದರಿಂದಲೇ, ಯಾರು ಅನುಭವಿಸುತ್ತಾನೆ ಎಂದು ಇನ್ನೊಬ್ಬ ಭಿಕ್ಷು ಕೇಳಿದಾಗ, ಪ್ರಶ್ನೆಯೇ ಸರಿಯಾಗಿಲ್ಲ; ಯಾವುದರಿಂದ ಅನುಭವ ಉಂಟಾಗುತ್ತದೆ ಎಂದು ಕೇಳಬೇಕು ಎಂದು ಬುದ್ಧನು ಪ್ರಶ್ನೆಯನ್ನೇ ತಿದ್ದಿದುದುಂಟು. ನಾವು ಅನಾತ್ಮವನ್ನು ತಪ್ಪಾಗಿ ತಿಳಿಯುತ್ತಿದ್ದೇವೆಯೇ ಎಂದು ಕಂಡುಕೊಳ್ಳಲು ಇದೇ ಗುರುತು. ‘ಯಾರು’ ಎಂಬ ಪ್ರಶ್ನೆ ಕೇಳಿದೊಡನೆ ಸಾತಿಯ ಪಕ್ಕದಲ್ಲಿ ಹೋಗಿ ಕುಳಿತಿರುತ್ತೇವೆ.

ಆದರೆ ನ್ಯಾಯದ ಪ್ರಶ್ನೆ ಹಾಗೆಯೇ ಉಳಿಯಿತು. ಬೆಂಕಿಗೆ ಪುಣ್ಯಪಾಪಗಳಿಲ್ಲ, ಮನುಷ್ಯನಿಗೆ ಉಂಟು. ಇದನ್ನು ಮುಖಾಮುಖಿ ಎದುರಿಸಿದುದು ಪಾಳಿಯ ಮಿಲಿಂದಪಞ್ಹ. ಗ್ರೀಕ್ ಅರಸ ಮಿಲಿಂದನು ಭಿಕ್ಷು ನಾಗಸೇನನನ್ನು, ಈ ದೇಹಮನಸ್ಸುಗಳೇ ಮತ್ತೆ ಹುಟ್ಟುವುದಿಲ್ಲವೆಂದರೆ ಮನುಷ್ಯ ತನ್ನ ಪಾಪದಿಂದ ಬಿಡುಗಡೆಯಾದಂತಾಗಲಿಲ್ಲವೇ ಎಂದು ಕೇಳುತ್ತಾನೆ. ನಾಗಸೇನ ಒಂದು ಕಳವಿನ ಮೊಕದ್ದಮೆಯನ್ನು ಮುಂದಿಡುತ್ತಾನೆ. ಒಬ್ಬನು ಇನ್ನೊಬ್ಬನ ತೋಟದಿಂದ ಮಾವಿನಹಣ್ಣು ಕದ್ದ. ಸಿಕ್ಕಿಬಿದ್ದಾಗ ಅವನು, ‘ತೋಟದವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ಅವನದನ್ನು ನಾನು ಮುಟ್ಟಿಲ್ಲ’ ಎಂದು ವಾದಿಸಿದ. ಅವನಿಗೆ ದಂಡ ಉಂಟೋ ಇಲ್ಲವೋ? ಉಂಟು ಎಂದ ಮಿಲಿಂದ.

ಏಕೆ ಉಂಟು? ಕಳ್ಳನ ಮಾತಿನಲ್ಲಿ ಸುಳ್ಳೇನೂ ಇಲ್ಲ. ನೆಟ್ಟದ್ದು ಓಟೆ, ಅದು ಮಣ್ಣಿನಲ್ಲಿ ಕೊಳೆತು ಎಂದೋ ಹೋಯಿತು. ಮೊಳಕೆ, ಗಿಡ, ಮರ, ಹೂವು, ಹೀಚು ಇವೆಲ್ಲ ಕಳೆದು ಈ ಹಣ್ಣು ಬಂದಿದೆ. ಓಟೆಯ ಒಂದು ಕಣವನ್ನೂ ಹಣ್ಣಿನಲ್ಲಿ ತೋರಿಸಲಾಗದು. ಆದರೂ ತೋಟದವನ ಒಡೆತನ ಸಲ್ಲುವುದು, ಆ ಓಟೆಯಿಂದಲೇ ಈ ಹಣ್ಣು ಬಂದಿತು ಎಂಬ ಒಂದೇ ಕಾರಣಕ್ಕೆ. ಹಕ್ಕಿಗಾಗಲಿ ಹೊಣೆಗಾಗಲಿ ಬೇಕಾದುದು ಬದಲಾಗದ ವಸ್ತುವಲ್ಲ, ಕಡಿಯದ ಕಾರಣಸರಣಿ. ಈ ನಾಮರೂಪ ಮಾಡಿದ ಕರ್ಮದಿಂದಲೇ ಮುಂದಿನ ನಾಮರೂಪ ಮೂಡುತ್ತದೆ. ಆದುದರಿಂದ ಅದು ಪಾಪದಿಂದ ಬಿಡುಗಡೆಯಾಗಿಲ್ಲ ಎನ್ನುತ್ತಾನೆ ನಾಗಸೇನ. ಅವನೇ ಅಲ್ಲ, ಬೇರೆಯವನೂ ಅಲ್ಲ. ಬೌದ್ಧರು ಈ ಸರಣಿಯನ್ನು ಸಂತಾನವೆಂದು ಕರೆದರು. ನಮ್ಮ ಮನೆಮಾತಿನ ಮಕ್ಕಳುಮರಿಗಳ ಅರ್ಥದಲ್ಲಲ್ಲ. ಎಡೆಬಿಡದೆ ಹರಿಯುವ ಹರಿವು ಎಂಬ ಅರ್ಥದಲ್ಲಿ.

ಜೈನಾಚಾರ್ಯರು ಹಿಡಿದುದು ಸರಿಯಾಗಿ ಈ ಮಾತನ್ನೇ. ಸಮಂತಭದ್ರನ ಆಪ್ತಮೀಮಾಂಸೆಗೆ ಅಕಲಂಕನು ಅಷ್ಟಶತಿ ಎಂಬ ವ್ಯಾಖ್ಯಾನ ಬರೆದಿದ್ದಾನೆ. ಮೂಲದಲ್ಲಿರುವ ಆಕ್ಷೇಪವನ್ನು ನಮ್ಮ ಮಾತಿನಲ್ಲಿ ಹೀಗೆ ಬಿಡಿಸಬಹುದು. ಚಿತ್ತ ಕ್ಷಣಕ್ಷಣಕ್ಕೂ ಅಳಿದು ಬೇರೆಯಾಗುವುದಾದರೆ, ಕೊಲ್ಲಬೇಕೆಂದು ಬಗೆದ ಚಿತ್ತ ಕೊಲ್ಲಲಿಲ್ಲ, ಅಷ್ಟರಲ್ಲಿ ಅದು ಅಳಿದಿತ್ತು. ಕೊಂದ ಚಿತ್ತ ಬಗೆದಿರಲಿಲ್ಲ. ಕರ್ಮಬಂಧಕ್ಕೆ ಸಿಕ್ಕುವುದು ಬಗೆಯದ, ಕೊಲ್ಲದ ಮೂರನೆಯ ಚಿತ್ತ. ಇನ್ನು ಬಂಧಕ್ಕೆ ಸಿಕ್ಕ ಚಿತ್ತಕ್ಕೆ ಮೋಕ್ಷವಂತೂ ಇಲ್ಲವೇ ಇಲ್ಲ. ಮಾಡಿದ್ದು ವ್ಯರ್ಥವಾಗಿ ಹೋಗುವುದು ಕೃತನಾಶ. ಮಾಡದ್ದು ತಲೆಯ ಮೇಲೆ ಬಂದು ಬೀಳುವುದು ಅಕೃತಾಭ್ಯಾಗಮ. ಜನ ಕೆಡುತ್ತಾರೆಂದು ಅಕಲಂಕನಿಗೆ ಕರುಣೆ ಹುಟ್ಟಿದುದು ಎಲ್ಲಿಂದ ಎಂಬುದು ಈಗ ತಿಳಿಯುತ್ತದೆ. ತಪಸ್ಸು ಮಾಡುವವನೊಬ್ಬ, ಬಿಡುಗಡೆ ಇನ್ನೊಬ್ಬನಿಗೆ ಎಂದಾದರೆ ಉಪವಾಸ ಕೂರುವವರಾರು?

ಬೌದ್ಧರು ಸಂತಾನವೊಂದೇ ಇದೆಯಲ್ಲ ಎಂದರೆ, ಆ ಸಂತಾನ ಕ್ಷಣಗಳಿಗಿಂತ ಬೇರೆಯಾದ ನಿಜವಸ್ತುವೋ ಎಂದು ಪ್ರತಿವಾದಿ ಕೇಳುತ್ತಾನೆ. ಹೌದೆಂದರೆ ಆತ್ಮವನ್ನೇ ಬೇರೆ ಹೆಸರಿನಲ್ಲಿ ಒಪ್ಪಿದಂತಾಯಿತು. ಅಲ್ಲವೆಂದರೆ ಅದು ಬರಿಯ ಹೆಸರು; ಹೆಸರು ಯಾವ ಫಲವನ್ನು ಹೊತ್ತೀತು? ಇನ್ನೂ ಮೊನಚಾದ ಆಕ್ಷೇಪವೊಂದಿದೆ. ಗುರುವಿನ ಮಾತಿನಿಂದ ಶಿಷ್ಯನಲ್ಲಿ ಅರಿವು ಹುಟ್ಟುತ್ತದೆ. ಅಲ್ಲಿಯೂ ಕಾರಣಕಾರ್ಯ ಸಂಬಂಧ ಇದೆಯಷ್ಟೆ. ಹಾಗಾದರೆ ಗುರುವಿನ ಪಾಪವನ್ನು ಶಿಷ್ಯನೇಕೆ ಉಣ್ಣುವುದಿಲ್ಲ?

ಬೌದ್ಧರ ಉತ್ತರ ಇಲ್ಲಿ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಕಾರಣಗಳೆಲ್ಲ ಒಂದೇ ಬಗೆಯವಲ್ಲ. ಮೊಳಕೆಗೆ ಬೀಜವೂ ಕಾರಣ, ನೀರೂ ಕಾರಣ. ಆದರೆ ರಾಗಿ ಬಿತ್ತಿದಲ್ಲಿ ರಾಗಿಯೇ ಬರುವುದು ಬೀಜದಿಂದ, ನೀರಿನಿಂದಲ್ಲ. ಬೀಜ ಉಪಾದಾನ, ನೀರು ಸಹಕಾರಿ. ಶಿಷ್ಯನ ಅರಿವಿಗೆ ಉಪಾದಾನ ಅವನದೇ ಹಿಂದಿನ ಚಿತ್ತ. ಗುರುವಿನ ಮಾತು ಸಹಕಾರಿ ಮಾತ್ರ. ಫಲ ಹರಿಯುವುದು ಉಪಾದಾನದ ಸಾಲಿನಲ್ಲಿ. ವಸುಬಂಧು ಅಭಿಧರ್ಮಕೋಶದ ಕೊನೆಗೆ, ಆತ್ಮವಾದವನ್ನು ಖಂಡಿಸುವಲ್ಲಿ, ಮಾದಲದ ಹೂವಿನ ಉದಾಹರಣೆ ಕೊಡುತ್ತಾನೆ. ಹೂವಿಗೆ ಅರಗಿನ ಕೆಂಬಣ್ಣ ಹಚ್ಚಿದರೆ, ಹೂವು ಉದುರಿಹೋದ ಮೇಲೆ, ಹಣ್ಣಿನ ಒಳತಿರುಳು ಕೆಂಪಾಗುತ್ತದೆ ಎಂಬುದು ಆ ಕಾಲದ ನಂಬಿಕೆ. ತೋಟಗಾರಿಕೆಯ ಮಾತಾಗಿ ಅದನ್ನು ಒಪ್ಪಬೇಕಾಗಿಲ್ಲ. ಹೂವು ಉಳಿಯದೆಯೂ ಹೂವಿಗಾದುದರ ಗುರುತು ಅದೇ ಸಾಲಿನಲ್ಲಿ ಮುಂದೆ ತೋರಬಹುದು ಎಂಬುದಷ್ಟೇ ಅದರ ತಾತ್ಪರ್ಯ.

ಈ ಉತ್ತರದ ಎಲ್ಲೆಯನ್ನೂ ಹೇಳಬೇಕು. ಎರಡು ಕ್ಷಣಗಳು ಒಂದೇ ಸಾಲಿನವೆಂದು ಗುರುತಿಸುವುದು ಹೇಗೆ? ಉಪಾದಾನದಿಂದ ಎಂದರೆ, ಉಪಾದಾನವೆಂದು ಗೊತ್ತಾಗುವುದು ಒಂದೇ ಸಾಲಿನದಾದುದರಿಂದ ಎಂದಾಗಬಾರದು. ಜೈನರ ಅನೇಕಾಂತಕ್ಕೆ ಇಲ್ಲಿ ಬಲವಿದೆ: ದ್ರವ್ಯವಾಗಿ ಉಳಿಯುತ್ತದೆ, ಪರ್ಯಾಯವಾಗಿ ಅಳಿಯುತ್ತದೆ ಎನ್ನುವುದು ಅವರ ನಿಲುವು. ಬೌದ್ಧರಿಗೂ ತಮ್ಮ ಬಲವಿದೆ: ಉಳಿಯುವ ಆ ದ್ರವ್ಯವನ್ನು ಬದಲಾಗುವ ಗುಣಗಳಿಂದ ಬೇರೆಮಾಡಿ ತೋರಿಸಿರಿ ಎಂದು ಅವರು ಕೇಳಬಲ್ಲರು. ಶಾಸನದ ಗೆಲುವು ಸಭೆಯ ಗೆಲುವು. ಪ್ರಶ್ನೆ ಅಲ್ಲಿಗೆ ಮುಗಿದಿರಲಿಲ್ಲ.

ಅದು ಟಿಬೆಟ್ಟನ್ನು ಸುತ್ತಿಕೊಂಡು ನಮ್ಮ ಜಿಲ್ಲೆಗೇ ಮರಳಿತು. 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರು ಬೈಲಕುಪ್ಪೆಯಲ್ಲಿ ನೆಲೆಸಿದರು. ಮುಂದೆ ಸೆರಾ ವಿಹಾರ ಅಲ್ಲಿ ಮತ್ತೆ ತಲೆಯೆತ್ತಿತು. ವಸುಬಂಧುವಿನ ಅಭಿಧರ್ಮಕೋಶ ಅಲ್ಲಿನ ಪಠ್ಯಗಳಲ್ಲೊಂದು. ಅಂಗಳದಲ್ಲಿ ನಿಂತ ಭಿಕ್ಷು ಕೈಚಪ್ಪಾಳೆ ತಟ್ಟಿ ಪ್ರಶ್ನೆ ಎಸೆದರೆ ಕುಳಿತವನು ಉತ್ತರಿಸಬೇಕು. ಅದೇ ಬೈಲಕುಪ್ಪೆಯಲ್ಲಿ 1963ರಲ್ಲಿ ನಾಮ್ಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದ ಪೆನೋರ್ ರಿನ್‌ಪೊಚೆಯವರು 2009ರಲ್ಲಿ ತೀರಿಕೊಂಡರು. ಅವರ ಮರುಹುಟ್ಟೆಂದು ಗುರುತಿಸಲಾದ ಬಾಲಕನ ಪೀಠಾರೋಹಣ 2014ರಲ್ಲಿ ಅಲ್ಲಿಯೇ ನಡೆಯಿತು.

ಆತ್ಮವಿಲ್ಲವೆನ್ನುವವರು ಇಂಥವರೇ ಮತ್ತೆ ಬಂದರೆಂದು ಪೀಠ ಕೊಡುವುದು ವಿರೋಧವಲ್ಲವೇ ಎಂದು ನಮಗೆ ತೋರಬಹುದು. ಅವರ ಭಾಷೆಯೇ ಇದಕ್ಕೆ ಉತ್ತರ ಕೊಡುತ್ತದೆ. ಅಂಥ ಬಾಲಕನನ್ನು ಅವರು ಯಾಂಗ್‌ಸಿ ಎನ್ನುತ್ತಾರೆ. ಯಾಂಗ್ ಎಂದರೆ ಮತ್ತೆ; ಸಿ ಎಂದರೆ ಭವ, ಆಗುವಿಕೆ. ಸಂಸ್ಕೃತದ ಪುನರ್ಭವವನ್ನು ಅವರು ಅಕ್ಷರಶಃ ತಂದುಕೊಂಡಿದ್ದಾರೆ. ಆ ಪದದಲ್ಲಿ ಹಳೆಯ ಗುರುವಿನ ಆತ್ಮವಿಲ್ಲ, ಬಂದವನೆಂಬ ಕರ್ತೃವಿಲ್ಲ. ಲೋಕದ ಹಿತಕ್ಕೆಂದು ಒಬ್ಬರು ಮಾಡಿದ ಸಂಕಲ್ಪದ ಸರಣಿ ಕಡಿಯದೆ ಇಲ್ಲಿ ಮುಂದುವರಿದಿದೆ ಎಂಬ ನಂಬಿಕೆ ಮಾತ್ರ ಇದೆ. ಆ ಬಾಲಕನೂ ಅಕ್ಷರಾಭ್ಯಾಸದಿಂದಲೇ ಆರಂಭಿಸಬೇಕು, ಹಳೆಯ ಪಾಠಗಳನ್ನು ಹೊಸದಾಗಿ ಕಲಿಯಬೇಕು. ಆತ್ಮವೇ ಇಡಿಯಾಗಿ ನಡೆದುಬಂದಿದ್ದರೆ ಈ ಶ್ರಮ ಬೇಕಿತ್ತೇ ಎಂದು ಕೇಳಬಹುದು. ಏನೂ ಮುಂದುವರಿದಿಲ್ಲವಾದರೆ ಈ ಪೀಠವೇಕೆ ಎಂದೂ ಕೇಳಬಹುದು. ನಾಗಸೇನನ ಮಾವಿನಹಣ್ಣು ನಿಂತಿರುವುದು ಈ ಎರಡು ಪ್ರಶ್ನೆಗಳ ನಡುವೆಯೇ.