ದುರಸ್ತಿ ಅಂದಾಜಿನಲ್ಲಿ ‘ಅನಿರೀಕ್ಷಿತ ವೆಚ್ಚ’: ಶೇಕಡಾವಾರು ನಿಗದಿ ಹೇಗೆ?

ವಸತಿ ಸಮುಚ್ಚಯಗಳ ಸರ್ವಸದಸ್ಯರ ಸಭೆಯಲ್ಲಿ ದೊಡ್ಡ ದುರಸ್ತಿಯ ಅಂದಾಜುಪಟ್ಟಿ ಮಂಡನೆಯಾದಾಗ ಹೆಚ್ಚು ಆಕ್ಷೇಪಕ್ಕೆ ಗುರಿಯಾಗುವುದು ಅದರ ಕೊನೆಯ ಸಾಲು. ‘ಅನಿರೀಕ್ಷಿತ ವೆಚ್ಚ, ಶೇ 10’ ಎಂದು ಓದಿದೊಡನೆ ‘ಹತ್ತೇ ಏಕೆ?’ ಎಂಬ ಪ್ರಶ್ನೆ ಏಳುತ್ತದೆ. ಖಜಾಂಚಿಯ ಬಳಿ ಉತ್ತರವಿಲ್ಲದಿದ್ದರೆ ಆ ಸಾಲನ್ನು ಹೊಡೆದುಹಾಕಿ ಉಳಿದುದಕ್ಕೆ ಒಪ್ಪಿಗೆ ನೀಡಲಾಗುತ್ತದೆ. ಇದರ ಫಲ ಕಾಣುವುದು ಕೆಲಸದ ನಡುವೆ. ಗೋಡೆಯ ಗಾರೆ ಕಿತ್ತ ಮೇಲೆ ಹಣ ಮುಗಿಯುತ್ತದೆ, ಮತ್ತೆ ಸಭೆ ಕರೆಯುವಷ್ಟರಲ್ಲಿ ಮಳೆಗಾಲ ಆರಂಭವಾಗಿರುತ್ತದೆ.

ಇದನ್ನು ತಪ್ಪಿಸಲು ಕೆಲವು ಸಂಘಗಳು ಪ್ರತಿ ಬಾಬಿನ ದರವನ್ನೇ ಸ್ವಲ್ಪ ಸ್ವಲ್ಪ ಏರಿಸಿ ಬರೆಯುತ್ತವೆ. ನಿಜವಾದ ‘ಉಬ್ಬಿಸಿದ ಲೆಕ್ಕ’ ಎಂದರೆ ಇದೇ. ಸದಸ್ಯರಲ್ಲೊಬ್ಬರು ಬೇರೆ ಗುತ್ತಿಗೆದಾರನಿಂದ ದರ ವಿಚಾರಿಸಿದರೆ ವ್ಯತ್ಯಾಸ ಬಯಲಾಗುತ್ತದೆ. ಅಡಗಿಸಿದ ಹಣ ಎಷ್ಟು, ಯಾವುದಕ್ಕೆ ಎಂಬ ದಾಖಲೆ ಇಲ್ಲದ ಕಾರಣ ಅದು ಸದ್ದಿಲ್ಲದೆ ಖರ್ಚೂ ಆಗಿಬಿಡುತ್ತದೆ. ಕೆಲವರು ಕಚೇರಿ ಭಾಷೆಯಿಂದ ‘ಸಾದಿಲ್ವಾರು’ ಎಂಬ ಪದವನ್ನು ಎರವಲು ಪಡೆಯುವುದುಂಟು. ಅದು ಚಹಾ, ಕಾಗದ, ಅಂಚೆಯಂಥ ಚಿಲ್ಲರೆ ಖರ್ಚನ್ನು ನೆನಪಿಸುವ ಪದ. ಲಕ್ಷಗಟ್ಟಲೆ ಮೊತ್ತದ ಎದುರು ಅದನ್ನು ಕಂಡವರಿಗೆ ಸಂಶಯ ಬಂದರೆ ಅಚ್ಚರಿಯಿಲ್ಲ.

ಒಂದು ಮಾದರಿ ಲೆಕ್ಕ

ನೆಲ ಅಂತಸ್ತು ಮತ್ತು ಮೂರು ಮಹಡಿಗಳ, 48 ಮನೆಗಳ, 20 ವರ್ಷ ಹಳೆಯದಾದ ಸಮುಚ್ಚಯವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತೆರಿಗೆ ಸೇರದೆ ಹೊರಗೋಡೆಯ ಬಣ್ಣಕ್ಕೆ 18 ಲಕ್ಷ ರೂಪಾಯಿ, ತಾರಸಿಯ ಸೋರಿಕೆ ತಡೆಗೆ 9 ಲಕ್ಷ, ಗಾರೆ ಮತ್ತು ಬಿರುಕು ದುರಸ್ತಿಗೆ 6 ಲಕ್ಷ, ಹೊಸ ನೀರಿನ ಪಂಪ್‌ಗಳಿಗೆ 2 ಲಕ್ಷ. ಒಟ್ಟು 35 ಲಕ್ಷ. ಇದರ ಮೇಲೆ ಶೇ 10 ಎಂದು ಬರೆದರೆ ಮೂರೂವರೆ ಲಕ್ಷ. ಆದರೆ ನಾಲ್ಕೂ ಕೆಲಸಗಳಲ್ಲಿನ ಅನಿಶ್ಚಿತತೆ ಒಂದೇ ಬಗೆಯದಲ್ಲ.

ಪಂಪ್‌ನ ದರಪಟ್ಟಿ ಖಚಿತವಾಗಿದ್ದು ಅದರ ಅವಧಿಯೂ ಮುಗಿದಿಲ್ಲವಾದರೆ ಅದಕ್ಕೆ ಸೇರಿಸಬೇಕಾದ್ದು ಸೊನ್ನೆ. ಪಟ್ಟಿಯಲ್ಲಿ ಒಂದಾದರೂ ಸೊನ್ನೆ ಕಂಡರೆ ಉಳಿದ ಅಂಕಿಗಳಿಗೂ ಬೆಲೆ ಬರುತ್ತದೆ. ಬಣ್ಣದ ವಿಸ್ತೀರ್ಣವನ್ನು ನಕ್ಷೆಯಿಂದ ಅಳೆಯಲಾಗಿದೆ. ತಪ್ಪಿಹೋಗಿರಬಹುದಾದುದು ಸಜ್ಜಾ, ಪೈಪ್‌ ಇಳಿಯುವ ಕಿಂಡಿಗಳಂಥ ಮೂಲೆಗಳು ಮಾತ್ರ. ಇದಕ್ಕೆ ಶೇ 3, ಅಂದರೆ 54 ಸಾವಿರ ಸಾಕು. ತಾರಸಿಯಲ್ಲಿ ಹಳೆಯ ಪದರ ಕಿತ್ತ ಮೇಲಷ್ಟೇ ಕೆಳಗಿನ ಕಾಂಕ್ರೀಟ್‌ನ ಸ್ಥಿತಿ ತಿಳಿಯುತ್ತದೆ. ಹತ್ತನೇ ಒಂದು ಭಾಗದಲ್ಲಿ ಅದನ್ನೂ ಸರಿಪಡಿಸಬೇಕಾಗಬಹುದು, ಆ ಭಾಗದ ಖರ್ಚು ಇಮ್ಮಡಿಯಾಗಬಹುದು ಎಂದು ಎಂಜಿನಿಯರ್ ಅಭಿಪ್ರಾಯಪಟ್ಟರೆ ಶೇ 10, ಅಂದರೆ 90 ಸಾವಿರ ಆಗುತ್ತದೆ.

ನಿಜವಾದ ಕಗ್ಗಂಟು ಗಾರೆಯದು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯಿಂದ ಬಿಟ್ಟಿದೆ ಎಂದರ್ಥ. ಕೆಳಗಿನ ಎರಡು ಅಂತಸ್ತುಗಳನ್ನು ಹೀಗೆ ಪರೀಕ್ಷಿಸಿ 1,000 ಚದರ ಅಡಿ ಟೊಳ್ಳು ಎಂದು ಗುರುತಿಸಲಾಗಿದೆ. ಮೇಲಿನ ಎರಡರಲ್ಲೂ ಅಷ್ಟೇ ಇದ್ದೀತು ಎಂಬ ಊಹೆಯಿಂದ 2,000 ಚದರ ಅಡಿ, ಅಡಿಗೆ 300 ರೂಪಾಯಿಯಂತೆ 6 ಲಕ್ಷ. ಆದರೆ ತಾರಸಿ ಸೋರುತ್ತಿರುವಾಗ ಮೇಲಿನ ಮಹಡಿಗಳಲ್ಲಿ ಹಾನಿ ಹೆಚ್ಚಿರುವುದೇ ಸಹಜ. ಅಲ್ಲಿ ಇಮ್ಮಡಿಯಾದರೆ ಒಟ್ಟು 3,000 ಚದರ ಅಡಿ, 9 ಲಕ್ಷ. ನಡುವಿನ ಅಂತರ 3 ಲಕ್ಷ. ಪೂರ್ತಿ ಅಂತರವನ್ನು ಸೇರಿಸಿದರೆ ಕೆಟ್ಟದ್ದು ಖಂಡಿತ ಎಂದಂತೆ, ಬಿಟ್ಟರೆ ಅದು ಅಸಾಧ್ಯ ಎಂದಂತೆ. ಅರ್ಧ ಹಿಡಿದರೆ ಒಂದೂವರೆ ಲಕ್ಷ, ಅಂದರೆ ಶೇ 25. ಅರ್ಧ ಎಂಬುದು ಸೂತ್ರವಲ್ಲ, ವಿವೇಚನೆಯ ಮಾತು. ಹಾಗೆಂದು ಸಭೆಯಲ್ಲಿ ಹೇಳಿಬಿಡುವುದೇ ಮೇಲು.

ಮೂರೂ ಸೇರಿ 2,94,000 ರೂಪಾಯಿ. 35 ಲಕ್ಷದ ಶೇ 8.4. ಮೊತ್ತ ಶೇ 10ಕ್ಕಿಂತ ಕಡಿಮೆಯಾಯಿತು ಎಂಬುದು ಇಲ್ಲಿ ಆಕಸ್ಮಿಕ, ಹೆಚ್ಚೂ ಆಗಬಹುದಿತ್ತು. ಅರ್ಧದಷ್ಟು ಅನಿಶ್ಚಿತತೆ ಮೇಲಿನ ಮಹಡಿಗಳ ಗಾರೆಯಲ್ಲೇ ಇದೆ ಎಂಬುದು ಗೊತ್ತಾಯಿತಲ್ಲ, ಅದು ಮುಖ್ಯ. ಹಗ್ಗದ ಮೇಲೆ ಇಳಿದು ಕೆಲಸ ಮಾಡುವವರಿಂದ ಆ ಭಾಗವನ್ನು ಮೊದಲೇ ತಟ್ಟಿಸಿ ನೋಡಿದರೆ ಅಂದಾಜು ಬಿಗಿಯಾಗಿ ಶೇಕಡಾವಾರು ತಾನಾಗಿಯೇ ಇಳಿಯುತ್ತದೆ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಅಂದಾಜುಗಳಲ್ಲಿ ಶೇ 3ರಿಂದ 5ರಷ್ಟೇ ಇರುತ್ತದಲ್ಲ ಎಂದು ಸದಸ್ಯರು ಕೇಳಬಹುದು. ನಕ್ಷೆ, ಅಳತೆಗಳೆಲ್ಲ ಸಿದ್ಧವಿರುವ ಕಾಮಗಾರಿಗೆ ಅದು ಸಲ್ಲುತ್ತದೆ. ಹಳೆಯ ಗೋಡೆಯ ಒಳಗೇನಿದೆ ಎಂದು ತಿಳಿಯದ ದುರಸ್ತಿಗೆ ಅದೇ ಅಳತೆಗೋಲು ಹೊಂದದು.

ಎರಡು ಬಾರಿ ಲೆಕ್ಕ ಬೇಡ

ಗುತ್ತಿಗೆಯ ಬಗೆಯನ್ನು ಮೊದಲು ನೋಡಬೇಕು. ಅಳತೆ ಪ್ರಕಾರ ಹಣ ಪಾವತಿಸುವ ಗುತ್ತಿಗೆಯಲ್ಲಿ ಅಡಿ ಹೆಚ್ಚಾದರೆ ಹೊರೆ ಸಂಘದ್ದು. ಮೇಲಿನ ಲೆಕ್ಕ ಅದಕ್ಕೆ ಅನ್ವಯ. ಒಟ್ಟು ಮೊತ್ತಕ್ಕೆ ಒಪ್ಪಿಕೊಂಡ ಗುತ್ತಿಗೆದಾರ ಆ ಹೊರೆಯನ್ನು ತನ್ನ ದರದಲ್ಲೇ ಸೇರಿಸಿಕೊಂಡಿರುತ್ತಾನೆ. ಅದರ ಮೇಲೆ ಮತ್ತೆ ಶೇ 25 ಸೇರಿಸುವುದು ತಿಳಿಯದೆಯೇ ಲೆಕ್ಕ ಉಬ್ಬಿಸಿದಂತೆ.

ಇಂಥ ಕೆಲಸಗಳ ಮೇಲಿನ ಶೇ 18 ಜಿಎಸ್‌ಟಿ ಅನಿರೀಕ್ಷಿತವಲ್ಲ. ಅದಕ್ಕೆ ಪ್ರತ್ಯೇಕ ಸಾಲು ಬೇಕು. ಮೀಸಲು ಹಣ ಖರ್ಚಾದರೆ ಅದಕ್ಕೂ ತೆರಿಗೆ ಬೀಳುವುದರಿಂದ 2,94,000 ವಾಸ್ತವದಲ್ಲಿ 3,46,920 ಆಗುತ್ತದೆ, ಮನೆಯೊಂದಕ್ಕೆ ಸುಮಾರು 7,230 ರೂಪಾಯಿ. ‘ಹೇಗೂ ಸಾರವೆ ಕಟ್ಟಿದ್ದೇವೆ, ಗೇಟನ್ನೂ ಬದಲಿಸೋಣ’ ಎಂಬ ಆಸೆಯೂ ಈ ಬಾಬಿಗೆ ಸೇರದು. ಅದು ಹೊಸ ಕೆಲಸ, ಹೊಸ ಒಪ್ಪಿಗೆ ಬೇಕು.

ಬರೆಯುವ ಬಗೆ

ಪ್ರತಿ ಮೀಸಲು ಮೊತ್ತದ ಎದುರು ಕಾರಣ, ಲೆಕ್ಕ, ಬಳಸುವ ಷರತ್ತು ಇರಬೇಕು. ಗಾರೆಯ ಸಾಲನ್ನು ಹೀಗೆ ಬರೆಯಬಹುದು: ‘ಮೇಲಿನ ಎರಡು ಮಹಡಿಗಳ ಗಾರೆಯನ್ನು ಪರೀಕ್ಷಿಸಿಲ್ಲ. 2,000 ಚದರ ಅಡಿಗಿಂತ ಹೆಚ್ಚಿನ ದುರಸ್ತಿ ಕಂಡುಬಂದಲ್ಲಿ, ಎಂಜಿನಿಯರ್ ಅಳತೆಯ ನಂತರ, ಅಧ್ಯಕ್ಷರು ಮತ್ತು ಖಜಾಂಚಿಯ ಜಂಟಿ ಸಹಿಯೊಂದಿಗೆ, 500 ಚದರ ಅಡಿಯವರೆಗೆ 1,50,000 ರೂಪಾಯಿ ಬಳಸಬಹುದು. ಬಳಸದ ಹಣ ಸದಸ್ಯರ ಖಾತೆಗೆ ಜಮಾ ಆಗುವುದು.’ ಹೀಗೆ ಬರೆದಾಗ ಸದಸ್ಯರು ಶೇಕಡಾವಾರಿನ ಬಗ್ಗೆ ಅಲ್ಲ, ಮೇಲಿನ ಮಹಡಿಗಳ ಗಾರೆಯ ಬಗ್ಗೆ ಚರ್ಚಿಸುತ್ತಾರೆ. ಈ ಹಣವನ್ನು ಮುಂಗಡ ವಸೂಲಿ ಮಾಡದೆ ಒಪ್ಪಿಗೆ ಮಾತ್ರ ಪಡೆದು, ಅಗತ್ಯಬಿದ್ದಾಗ ಕೇಳುವ ಪದ್ಧತಿಯೂ ಉಂಟು. ಪಾವತಿ ತಡಮಾಡುವ ಮನೆಗಳು ಹೆಚ್ಚಿರುವಲ್ಲಿ ಅದು ಅಪಾಯಕರ.

ಮೊತ್ತ ಸಾಲದೆ ಬರುವ ಸೂಚನೆ ಬೇಗನೆ ಸಿಗುತ್ತದೆ. ಪ್ರತಿ ಬಿಲ್ಲಿನ ಜತೆ ಎಷ್ಟು ಕೆಲಸ ಮುಗಿಯಿತು, ಮೀಸಲಿನಲ್ಲಿ ಎಷ್ಟು ಕರಗಿತು ಎಂಬ ಎರಡು ಅಂಕಿಗಳನ್ನು ಸೂಚನಾ ಫಲಕದಲ್ಲಿ ಹಾಕಬೇಕು. ಗಾರೆ ದುರಸ್ತಿ ಮೂರನೇ ಒಂದರಷ್ಟು ಮುಗಿಯುವ ಹೊತ್ತಿಗೆ ಅದರ ಮೀಸಲಿನ ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ, ಉಳಿದ ಗಾರೆಯನ್ನು ಕೀಳುವ ಮೊದಲೇ ಸಭೆ ಕರೆಯಬೇಕು.